ಸೇಲ್ಸ್ ಎಕ್ಸಿಕ್ಯುಟಿವ್ ಸಂದರ್ಶನ: ಪ್ರಶ್ನೆಗಳು ಮತ್ತು ಅಂಕ ಹಾಕುವ ಕ್ರಮ
ಹುದ್ದೆ: ಹನಿ ನೀರಾವರಿ ಪೈಪು, ಫಿಟಿಂಗ್ಸ್ ಮಾರಾಟ. ಕೇಂದ್ರ ದಾವಣಗೆರೆ. ವ್ಯಾಪ್ತಿ ಚನ್ನಗಿರಿ, ಹೊಳಲ್ಕೆರೆ, ಚಳ್ಳಕೆರೆ, ಹಿರಿಯೂರು.

ಸಂದರ್ಶಕರು ಮೂವರು, ಒಬ್ಬ ಅಭ್ಯರ್ಥಿಗೆ 45 ನಿಮಿಷ. ಎಲ್ಲರಿಗೂ ಇವೇ ಪ್ರಶ್ನೆ, ಇದೇ ಕ್ರಮ. ಉತ್ತರ ಮೊಟಕಾದರೆ "ಅದರಲ್ಲಿ ನೀವು ಮಾಡಿದ್ದೇನು?", "ಆಮೇಲೆ ಏನಾಯ್ತು?" ಎಂದಷ್ಟೇ ಕೇಳಿ. ಮದುವೆ, ಜಾತಿ, "ಯಾರ ಪೈಕಿ" ಎಂಬ ಮಾತು ಬೇಡ, ಟೀ ಕುಡಿಯುವಾಗಲೂ ಬೇಡ. ಪ್ರತಿ ಪ್ರಶ್ನೆಗೆ 1ರಿಂದ 5 ಅಂಕ. ಅದನ್ನು ಆವರಣದಲ್ಲಿರುವ ತೂಕದಿಂದ ಗುಣಿಸಿ. ಒಟ್ಟು 100.

1. ಕಳೆದ ವರ್ಷ ನಿಮ್ಮ ಟಾರ್ಗೆಟ್ ಎಷ್ಟಿತ್ತು, ಎಷ್ಟು ಮುಟ್ಟಿದಿರಿ? ಕಮ್ಮಿಯಾದ ತಿಂಗಳಲ್ಲಿ ಏನು ಮಾಡಿದಿರಿ? (ತೂಕ 4)
5: ತಿಂಗಳವಾರು ಲೆಕ್ಕ, ಕಾರಣ, ತಾನು ಬದಲಿಸಿದ ಕೆಲಸ. 3: ಒಟ್ಟು ಲೆಕ್ಕ ಮಾತ್ರ. 1: "ಚೆನ್ನಾಗೇ ಆಗಿತ್ತು."

2. ಚಳ್ಳಕೆರೆಯ ಡೀಲರ್ 1,80,000 ರೂಪಾಯಿ ಬಾಕಿ ಇಟ್ಟು 75 ದಿನವಾಗಿದೆ. ಒಪ್ಪಿದ್ದು 45 ದಿನ. ಈಗ ಇನ್ನೂ 90,000 ರೂಪಾಯಿ ಮಾಲು ಉದ್ರಿ ಕೇಳುತ್ತಿದ್ದಾರೆ. ಏನು ಮಾಡುತ್ತೀರಿ? (ತೂಕ 5)
5: ಹೋಗುವ ಮೊದಲೇ ಬಿಲ್‌ವಾರು ಬಾಕಿ ತೆಗೆಸುತ್ತಾರೆ, ವಾಪಸ್ ಬಂದ ಮಾಲಿನ ಕ್ರೆಡಿಟ್ ನೋಟ್ ನಮ್ಮಲ್ಲೇ ನಿಂತಿದೆಯೇ ನೋಡುತ್ತಾರೆ, ಕಟ್ಟುವ ಮೊತ್ತ, ತಾರೀಖು ಬರೆಸಿಕೊಳ್ಳುತ್ತಾರೆ, ಒಂದು ಪಾಲು ಜಮಾ ಆದಮೇಲೆ, ಮ್ಯಾನೇಜರ್ ಒಪ್ಪಿಗೆ ಪಡೆದು ಹೊಸ ಆರ್ಡರ್. 3: ಹಣ ಕೇಳುತ್ತಾರೆ, ತಾರೀಖು ಗೊತ್ತುಮಾಡುವುದಿಲ್ಲ. 1: ಸಂಬಂಧ ಕೆಡಬಾರದೆಂದು ಮಾಲು ಕೊಡುತ್ತಾರೆ, ಇಲ್ಲವೇ ಜಗಳಕ್ಕೆ ನಿಲ್ಲುತ್ತಾರೆ.
ಮಾತು ಚುರುಕಾಗಿದ್ದವರಿಗೆ ಇಲ್ಲಿ ಕೈ ಬಿಚ್ಚಿ ಅಂಕ ಹಾಕುವುದೇ ದೊಡ್ಡ ತಪ್ಪು. ಹೇಳಿದ ಹೆಜ್ಜೆಗಳನ್ನು ಎಣಿಸಿ, ಧಾಟಿಯನ್ನಲ್ಲ. ವಸೂಲಾಗದ ಮಾರಾಟ ನಮಗೆ ನಷ್ಟವೇ.

3. ನಿಮ್ಮ ಕಂಪನಿಯ ಮಾಲು ಇಡದ ಅಂಗಡಿಯವರನ್ನು ಒಪ್ಪಿಸಿದ ಒಂದು ಸಂದರ್ಭ ಹೇಳಿ. ಹಳೆಯ ಕಂಪನಿಯದಾದರೂ ಸರಿ. (ತೂಕ 3)
5: ಎಷ್ಟು ಭೇಟಿ, ಏನು ಆಕ್ಷೇಪ, ಮೊದಲ ಆರ್ಡರ್, ಎರಡನೇ ಆರ್ಡರ್. 3: ಮೊದಲ ಆರ್ಡರ್‌ವರೆಗೆ. 1: ಬರೀ ರಿಯಾಯಿತಿ ಕೊಟ್ಟಿದ್ದು.

4. ನಾಲ್ಕೂ ತಾಲ್ಲೂಕಿನ ಎಂಟು ಡೀಲರ್‌ಗಳನ್ನು ಎರಡು ದಿನದಲ್ಲಿ ನೋಡುವ ರೂಟ್ ಬರೆಯಿರಿ. ಹಾಳೆ ಕೊಡಿ, 5 ನಿಮಿಷ. (ತೂಕ 3)
5: ಚಳ್ಳಕೆರೆ–ಹಿರಿಯೂರು ಒಂದು ದಿನ, ಹೊಳಲ್ಕೆರೆ–ಚನ್ನಗಿರಿ ಇನ್ನೊಂದು ದಿನ, ಹಣ ಬಾಕಿ ಇಟ್ಟವರಿಗೆ ಮೊದಲು ಫೋನ್. 3: ರೂಟ್ ಸರಿ, ಆದ್ಯತೆ ಇಲ್ಲ. 1: ಪ್ರತಿ ಊರಿಗೂ ದಾವಣಗೆರೆಯಿಂದಲೇ ಹೊರಡುವುದು.

5. ಪಾತ್ರಾಭಿನಯ, 8 ನಿಮಿಷ. ಒಬ್ಬ ಸಂದರ್ಶಕರು ಚನ್ನಗಿರಿಯ ಡೀಲರ್. ಎಲ್ಲ ಅಭ್ಯರ್ಥಿಗಳಿಗೂ ಇದೇ ಮಾತು: "ಬೇರೆಯವರು ಕಮ್ಮಿ ರೇಟಿಗೆ ಕೊಡ್ತಾರೆ, 60 ದಿನ ಉದ್ರಿನೂ ಕೊಡ್ತಾರೆ. ನಿಮ್ಮ ಹತ್ರ ಯಾಕ್ರೀ ತಗೋಬೇಕು?" (ತೂಕ 5)
5: ಡೀಲರ್‌ನ ಗಿರಾಕಿ ರೈತರ ಅಡಿಕೆ ತೋಟದ ಅಳತೆ, ನೀರಿನ ಮೂಲ, ಈಗಿನ ತೊಂದರೆ ಕೇಳಿ, ನಂತರ ಮಾಲಿನ ಮಾತು, ಕೊನೆಗೆ ಮುಂದಿನ ಹೆಜ್ಜೆ ಗೊತ್ತುಮಾಡುವುದು. 3: ಗುಣಮಟ್ಟ ಹೇಳುತ್ತಾರೆ, ಪ್ರಶ್ನೆ ಕೇಳುವುದಿಲ್ಲ. 1: ತಕ್ಷಣ ರೇಟು ಇಳಿಸುತ್ತಾರೆ, ಅಥವಾ ತನ್ನ ಅಧಿಕಾರದಲ್ಲಿಲ್ಲದ ಮಾತು ಕೊಡುತ್ತಾರೆ.

ಅಭ್ಯರ್ಥಿ ಹೊರಗೆ ಹೋದ ಕೂಡಲೇ, ಪರಸ್ಪರ ಮಾತಾಡುವ ಮೊದಲು, ಮೂವರೂ ಅಂಕ ಹಾಕಿ ಪ್ರತಿ ಅಂಕದ ಪಕ್ಕ ಅಭ್ಯರ್ಥಿ ಆಡಿದ ಒಂದು ಮಾತು ಬರೆಯಬೇಕು. ಹಿರಿಯರು ಮೊದಲು ಬಾಯಿಬಿಟ್ಟರೆ ಉಳಿದಿಬ್ಬರ ಅಂಕ ಅತ್ತಲೇ ವಾಲುತ್ತದೆ. ಒಂದೇ ಪ್ರಶ್ನೆಗೆ 2 ಅಥವಾ ಹೆಚ್ಚು ಅಂಕದ ವ್ಯತ್ಯಾಸ ಬಂದರೆ ಬರೆದುಕೊಂಡದ್ದನ್ನು ಓದಿ ಚರ್ಚಿಸಿ. ತಿದ್ದಿದರೆ ಕಾರಣ ಬರೆಯಿರಿ. ಮೂವರ ಸರಾಸರಿ 65 ದಾಟಬೇಕು. ಎರಡನೇ ಪ್ರಶ್ನೆಯಲ್ಲಿ ಸರಾಸರಿ 3ಕ್ಕಿಂತ ಕಡಿಮೆ ಇದ್ದವರನ್ನು ಒಟ್ಟು ಎಷ್ಟೇ ಬಂದರೂ ತೆಗೆದುಕೊಳ್ಳುವಂತಿಲ್ಲ. ಇಬ್ಬರು ಸಮವಾದರೆ ಅದೇ ಪ್ರಶ್ನೆಯಲ್ಲಿ ಹೆಚ್ಚು ಪಡೆದವರಿಗೆ ಕೆಲಸ.