‘ಅಧಿಕಾರ’ ಎಲ್ಲಿ ಹೋಯ್ತು? ಗೀತೆಯ ಒಂದು ಶ್ಲೋಕ, ಐದು ಇಂಗ್ಲಿಷ್ ಅನುವಾದ

ಈ ಪ್ರಬಂಧಕ್ಕೆ ನಾನು ಆರಿಸಿಕೊಂಡಿರುವುದು ಎಲ್ಲರಿಗೂ ಬಾಯಿಪಾಠ ಇರುವ ಶ್ಲೋಕ. ಬೇಕಂತಲೇ ಆರಿಸಿದ್ದು. ಗೊತ್ತಿರುವ ಸಾಲನ್ನು ನಾವು ಓದುವುದಿಲ್ಲ, ಸುಮ್ನೆ ಹೇಳಿಬಿಡುತ್ತೇವೆ. ಭಗವದ್ಗೀತೆ, ಎರಡನೇ ಅಧ್ಯಾಯ, 47ನೇ ಶ್ಲೋಕ:

ಕರ್ಮಣ್ಯೇವಾಧಿಕಾರಸ್ತೇ ಮಾ ಫಲೇಷು ಕದಾಚನ |
ಮಾ ಕರ್ಮಫಲಹೇತುರ್ಭೂರ್ಮಾ ತೇ ಸಂಗೋಽಸ್ತ್ವಕರ್ಮಣಿ ||

ನಾಲ್ಕು ತುಂಡು. ಮೊದಲನೆಯದರಲ್ಲಿ ‘ಅಧಿಕಾರ’ ಅನ್ನುವ ಪದ, ಮೂರನೆಯದರಲ್ಲಿ ‘ಕರ್ಮಫಲಹೇತು’ ಅನ್ನುವ ಸಮಾಸ. ನನ್ನ ವಾದವೆಲ್ಲ ಈ ಎರಡರ ಮೇಲೆ ನಿಂತಿದೆ. ಹೋಲಿಕೆಗೆ ತೆಗೆದುಕೊಂಡ ಅನುವಾದಗಳು ಚಾರ್ಲ್ಸ್ ವಿಲ್ಕಿನ್ಸ್ (1785), ಕಾಶೀನಾಥ ತೆಲಂಗ್ (1882), ಎಡ್ವಿನ್ ಆರ್ನಲ್ಡ್ (1885), ಮಹಾದೇವ ದೇಸಾಯಿ (1946), ರಾಧಾಕೃಷ್ಣನ್ (1948) ಅವರವು. ದೇಸಾಯಿಯವರದು ಗಾಂಧೀಜಿಯ ಗುಜರಾತಿ ಗೀತೆಯ ಇಂಗ್ಲಿಷ್ ರೂಪ. ಅಂದರೆ ಅದು ಅನುವಾದದ ಅನುವಾದ, ಅದನ್ನು ಓದುವಾಗ ಇದು ನೆನಪಿರಬೇಕು.

ಮೊದಲು ‘ಅಧಿಕಾರ’. ವಿಲ್ಕಿನ್ಸ್‌ನಲ್ಲಿ ಈ ಪದ ಇಲ್ಲವೇ ಇಲ್ಲ! ಉದ್ದೇಶ ಕೆಲಸದಲ್ಲಿರಲಿ, ಅದರಿಂದ ಆಗುವುದರಲ್ಲಿ ಬೇಡ ಅಂತ ಆತ ಶುರು ಮಾಡುತ್ತಾನೆ. ಆತ ಬಳಸಿದ್ದು ‘ಮೋಟಿವ್’. ಅದು ಮೂರನೇ ತುಂಡಿನ ‘ಹೇತು’ವಿಗೆ ಸಲ್ಲಬೇಕಾದ ಪದ, ಒಂದನೇ ತುಂಡಿಗೂ ಬಂದು ಕೂತಿದೆ. ನೂರು ವರ್ಷದ ನಂತರ ಆರ್ನಲ್ಡ್ ಕೂಡ ಅದೇ ದಾರಿ ಹಿಡಿದ. ಆತನದು ಪದ್ಯ, ಛಂದಸ್ಸಿನ ಒತ್ತಡ ಇತ್ತು, ಒಪ್ಪೋಣ. ಆದರೆ ಮೂಲದಲ್ಲಿ ಬರೀ ‘ಕರ್ಮ’ ಇದ್ದದ್ದು ಅವನಲ್ಲಿ ‘ರೈಟ್ ಡೀಡ್ಸ್’ ಆಯಿತು, ಅಂದರೆ ಸರಿಯಾದ ಕೆಲಸಗಳು. ಆ ‘ಸರಿಯಾದ’ ಎಲ್ಲಿಂದ ಬಂತು? ಶ್ಲೋಕ ಕೆಲಸಕ್ಕೆ ಇಲ್ಲಿ ಯಾವ ವಿಶೇಷಣವನ್ನೂ ಹಾಕಿಲ್ಲ. ಒಂದೇ ಒಂದು ಗುಣವಾಚಕ ಸೇರಿ, ಶ್ಲೋಕ ನೀತಿಪಾಠ ಆಗಿಬಿಟ್ಟಿತು.

ತೆಲಂಗ್ ಪದವನ್ನು ಕೈಬಿಡಲಿಲ್ಲ. ಅವರು ಕೊಟ್ಟದ್ದು ‘ಬಿಸಿನೆಸ್’. ಇವತ್ತಿನ ಕಿವಿಗೆ ನಗು ಬರುತ್ತೆ, ಆದರೆ ವ್ಯಾಪಾರ ಅನ್ನುವ ಅರ್ಥ ಅಲ್ಲ ಅದು: ನಿನಗೆ ಸಂಬಂಧಪಟ್ಟದ್ದು ಕೆಲಸ ಮಾತ್ರ, ಉಳಿದದ್ದು ನಿನಗ್ಯಾಕೆ ಅನ್ನುವ ಧಾಟಿ. ದೇಸಾಯಿ ಹಾಕಿದ್ದು ‘ಪ್ರಾವಿನ್ಸ್’, ಅಂದರೆ ನಿನ್ನ ವ್ಯಾಪ್ತಿ. ಎರಡೂ ಗೆರೆ ಎಳೆಯುವ ಪದಗಳು. ಗೆರೆಯ ಈಚೆ ನೀನು, ಆಚೆ ಫಲ.

ರಾಧಾಕೃಷ್ಣನ್ ‘ರೈಟ್’ ಅಂದರು. ಹಕ್ಕು. ಇಲ್ಲಿ ಚಿತ್ರವೇ ಬೇರೆ. ಹಕ್ಕು ಇದ್ದವನು ಅದನ್ನು ಬಳಸಬಹುದು, ಬಳಸದೆಯೂ ಇರಬಹುದು. ಆದರೆ ಯುದ್ಧ ಮಾಡಲ್ಲ ಅಂತ ಕೂತ ಅರ್ಜುನನಿಗೆ ಕೃಷ್ಣ ಆ ಸ್ವಾತಂತ್ರ್ಯ ಕೊಡುತ್ತಿಲ್ಲ, ಕೆಲಸ ಮಾಡದಿರುವುದಕ್ಕೆ ಅಂಟಿಕೊಳ್ಳಬೇಡ ಅನ್ನುವ ನಾಲ್ಕನೇ ತುಂಡು ಅದನ್ನು ನೇರವಾಗಿಯೇ ತಡೆಯುತ್ತದೆ. (ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ಬಂದದ್ದೂ 1948ರಲ್ಲೇ. ಇದರ ಮೇಲೆ ನಾನು ವಾದ ಕಟ್ಟುತ್ತಿಲ್ಲ, ಆ ಕಾಲದ ಗಾಳಿಯಲ್ಲಿ ಯಾವ ಪದ ಓಡಾಡುತ್ತಿತ್ತು ಅಂತ ಸೂಚಿಸಿದೆ ಅಷ್ಟೆ.)

ಹಾಗಾದರೆ ಹಳಬರು ‘ಅಧಿಕಾರ’ ಅಂದರೆ ಏನೆಂದುಕೊಂಡಿದ್ದರು? ವೇದದ ಕರ್ಮವಿಧಿಗಳನ್ನು ವಿಚಾರಿಸುವ ಶಾಸ್ತ್ರವಾದ ಮೀಮಾಂಸೆಯಲ್ಲಿ ಇದು ಪಾರಿಭಾಷಿಕ ಪದ. ಈ ಕರ್ಮ ಮಾಡಲು ಯಾರು ಅರ್ಹರು ಅನ್ನುವ ಪ್ರಶ್ನೆ ಅದರಲ್ಲಿದೆ. ಅಲ್ಲಿ ‘ಅಧಿಕಾರವಿಧಿ’ ಅಂದರೆ ಕರ್ಮದಿಂದ ಹುಟ್ಟುವ ಫಲಕ್ಕೆ ಒಡೆಯ ಯಾರು ಅಂತ ತಿಳಿಸುವ ವಿಧಿ. ಸ್ವರ್ಗ ಬೇಕೆನ್ನುವವನು ಯಜ್ಞ ಮಾಡಲಿ, ಬೇಕು ಅಂದವನೇ ಅಧಿಕಾರಿ. ಅಂದರೆ ಅಧಿಕಾರ ಮತ್ತು ಫಲ ಒಂದಕ್ಕೊಂದು ಅಂಟಿಕೊಂಡೇ ಇರುವ ಪದಗಳು. ಈಗ ಶ್ಲೋಕವನ್ನು ಮತ್ತೆ ಓದಿ. ಕರ್ಮದಲ್ಲಿ ಅಧಿಕಾರ ಉಂಟು, ಫಲದಲ್ಲಿ ಇಲ್ಲ! ಅಂಟಿಕೊಂಡದ್ದನ್ನೇ ಕಿತ್ತು ಎರಡು ಮಾಡಿದ ಮಾತು ಇದು. ‘ರೈಟ್’ ಅಥವಾ ‘ಬಿಸಿನೆಸ್’ ಓದಿದವನಿಗೆ ಈ ಕಿತ್ತ ಸದ್ದು ಕೇಳಿಸುವುದೇ ಇಲ್ಲ.

ಇನ್ನೊಂದು ಚಿಕ್ಕ ಪದ, ‘ಏವ’. ಕರ್ಮದಲ್ಲಿ *ಮಾತ್ರ*. ಯಾವುದಕ್ಕೆ ಎದುರಾಗಿ ಈ ‘ಮಾತ್ರ’? ಫಲಕ್ಕೆ ಎದುರಾಗಿ ಅಂತ ಇಂಗ್ಲಿಷ್ ಓದುಗ ಸಹಜವಾಗಿ ತಿಳಿಯುತ್ತಾನೆ. ಶಂಕರರ ಭಾಷ್ಯ ಹಾಗೆ ಹೇಳುವುದಿಲ್ಲ: ನಿನಗೆ ಕರ್ಮದಲ್ಲೇ ಅಧಿಕಾರ, ಜ್ಞಾನನಿಷ್ಠೆಯಲ್ಲಿ ಅಲ್ಲ. ಜೊತೆಗಿರುವ ‘ತೇ’ ಕೂಡ ಆಗ ಭಾರವಾಗುತ್ತದೆ. *ನಿನಗೆ*, ಅರ್ಜುನನಿಗೆ, ಈ ಹಂತದಲ್ಲಿ. ಎಲ್ಲರಿಗೂ ಹೇಳಿದ ಬುದ್ಧಿಮಾತು ಒಬ್ಬನ ಅರ್ಹತೆಯ ಲೆಕ್ಕವಾಗಿ ಬದಲಾಗುತ್ತದೆ.

ಈಗ ಸಮಾಸ. ನನ್ನ ಮೊದಲ ಕರಡಿನಲ್ಲಿ ಇದನ್ನು ಎರಡು ಸಾಲಿನಲ್ಲಿ ಮುಗಿಸಿದ್ದೆ, ಐದೂ ಅನುವಾದ ಒಂದೇ ಥರ ಇವೆ, ಹೋಲಿಸಲು ಏನಿದೆ ಅಂದುಕೊಂಡು. ತಪ್ಪಿದ್ದು ಅಲ್ಲೇ. ಎಲ್ಲರೂ ಒಂದೇ ಥರ ಬರೆದಿದ್ದಾರೆ ಅಂದರೆ ಅಲ್ಲಿ ಆಯ್ಕೆ ಇರಲಿಲ್ಲ ಅಂತಲ್ಲ. ‘ಕರ್ಮಫಲಹೇತು’ವನ್ನು ಮೂರು ರೀತಿ ಬಿಡಿಸಬಹುದು. ಬಹುವ್ರೀಹಿಯಾದರೆ ‘ಕರ್ಮಫಲವೇ ಯಾರಿಗೆ ಪ್ರೇರಣೆಯೋ ಅವನು’. ಫಲದಾಸೆಯಿಂದ ಕೆಲಸ ಮಾಡುವವನು ಆಗಬೇಡ ಎಂದಾಗುತ್ತದೆ. ಐವರೂ ಹೆಚ್ಚು ಕಡಿಮೆ ಹಿಡಿದದ್ದು ಇದನ್ನೇ. ಷಷ್ಠೀ ತತ್ಪುರುಷವಾದರೆ ‘ಕರ್ಮಫಲದ ಹೇತು’, ಆಗ ಫಲ ಹುಟ್ಟಲು ನೀನು ಕಾರಣ ಆಗಬೇಡ ಅನ್ನುವ ಅರ್ಥ. ಶಂಕರರು ಓದುವುದು ಹೀಗೆ: ಆಸೆಯಿಂದ ತೊಡಗಿದವನು ಕರ್ಮಫಲಕ್ಕೆ, ಅಂದರೆ ಮತ್ತೊಂದು ಜನ್ಮಕ್ಕೆ, ತಾನೇ ಕಾರಣನಾಗುತ್ತಾನೆ. ರಾಮಾನುಜರು ‘ಕರ್ಮಫಲಯೋಃ’ ಎಂದು ಒಳಗಡೆ ದ್ವಂದ್ವ ಬಿಡಿಸುತ್ತಾರೆ. ಕರ್ಮಕ್ಕೂ ಫಲಕ್ಕೂ ಎರಡಕ್ಕೂ ನೀನೇ ಕಾರಣ ಅಂದುಕೊಳ್ಳಬೇಡ. ಕರ್ತೃ ನೀನಲ್ಲ.

ಮೊದಲನೆಯದು ಮನಸ್ಸಿನ ವಿಷಯ, ಎರಡನೆಯದು ಪುನರ್ಜನ್ಮದ ವಿಷಯ, ಮೂರನೆಯದು ಕರ್ತೃತ್ವ ಯಾರದು ಅನ್ನುವ ವಿಷಯ. ಅಕ್ಷರ ಒಂದೂ ಬದಲಾಗಿಲ್ಲ.

ನನ್ನ ಒಲವು ಬಹುವ್ರೀಹಿಯ ಕಡೆಗೆ. ಎರಡೇ ಶ್ಲೋಕ ಮುಂದೆ, 49ರಲ್ಲಿ, ‘ಕೃಪಣಾಃ ಫಲಹೇತವಃ’ ಅಂತ ಬರುತ್ತದೆ. ಫಲಕ್ಕಾಗಿ ಮಾಡುವವರು ಬಡಪಾಯಿಗಳು ಅಂತ. ಅಲ್ಲಿ ಶಂಕರರೂ ಫಲದ ತೃಷ್ಣೆಯಿಂದ ತೊಡಗಿದವರು ಅಂತಲೇ ಬಿಡಿಸುತ್ತಾರೆ. ಹಾಗಾಗಿ ಅನುವಾದಕರು ಎಡವಿದರು ಅಂತ ನಾನು ಹೇಳುತ್ತಿಲ್ಲ. ಆದರೆ ಅವರನ್ನು ಓದುವವನಿಗೆ ಇಲ್ಲಿ ಮೂರು ದಾರಿ ಕೂಡುತ್ತವೆ ಅನ್ನುವ ಸುಳಿವು ಸಿಗುವುದಿಲ್ಲ. ಇಂಗ್ಲಿಷಿನಲ್ಲಿ ‘ಮೋಟಿವ್’ ಬೇರೆ, ‘ಕಾಸ್’ ಬೇರೆ. ಒಂದನ್ನು ಬರೆದ ಕ್ಷಣ ಇನ್ನೊಂದು ಸತ್ತಿತು.

ನಾಲ್ಕನೇ ತುಂಡಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತೆಲಂಗ್ ಮತ್ತು ರಾಧಾಕೃಷ್ಣನ್ ‘ಸಂಗ’ವನ್ನು ಅಂಟು ಅಂತ ಉಳಿಸಿಕೊಂಡರು. ವಿಲ್ಕಿನ್ಸ್ ಅದನ್ನು ಬಿಟ್ಟು, ಸುಮ್ಮನೆ ಕೂತು ಬದುಕು ಕಳೆಯಬೇಡ ಅಂದ. ಸೋಮಾರಿಗೆ ಬೈದ ಹಾಗಾಯ್ತು. ಅರ್ಜುನ ಸೋಮಾರಿ ಅಲ್ವಲ್ಲ, ಅವನಿಗೆ ಅಂಟಿದ್ದು ಬೇರೆ.

ಕನ್ನಡದಲ್ಲಿ ನಾವು ಸುಲಭಕ್ಕೆ ಪಾರಾಗುತ್ತೇವಾ? ‘ಅಧಿಕಾರ’ವನ್ನು ಹಾಗೇ ಇಟ್ಟರೆ ಮೇಜು, ಕುರ್ಚಿ, ಸಹಿ ಕಣ್ಣಿಗೆ ಬರುತ್ತವೆ. ‘ಅರ್ಹತೆ’ ಎಂದರೆ ಪರೀಕ್ಷೆಯ ಅರ್ಜಿ. ನಾನು ಪ್ರಯತ್ನಿಸಿದ್ದು ‘ಪಾಲು’: ಕೆಲಸವಷ್ಟೇ ನಿನ್ನ ಪಾಲಿಗೆ ಬಂದದ್ದು, ಫಲದಲ್ಲಿ ಯಾವತ್ತೂ ಪಾಲಿಲ್ಲ. ಪಾಲಿಗೆ ಬಂದದ್ದು ಅಂದಾಗ ತಪ್ಪಿಸಿಕೊಳ್ಳಲಾಗದ್ದು ಅನ್ನುವ ಧ್ವನಿ ತಾನಾಗಿ ಬರುತ್ತದೆ, ಫಲದ ಒಡೆತನವೂ ಅದೇ ಪದದಲ್ಲಿ ಸಿಗುತ್ತದೆ. ಶಂಕರರ ಅರ್ಹತೆ ಮಾತ್ರ ಪೂರ್ತಿ ಕಳೆದುಹೋಗುತ್ತದೆ. ಸಮಾಸಕ್ಕೆ ‘ಕಾರಣ’ ಇಟ್ಟರೆ ಪ್ರೇರಣೆಯೂ ಬರುತ್ತದೆ, ಹುಟ್ಟಿಸುವಿಕೆಯೂ ಬರುತ್ತದೆ, ಇಂಗ್ಲಿಷಿಗಿಂತ ನಮಗೆ ಅಷ್ಟು ಲಾಭ. ಆದರೆ ‘ಫಲಕ್ಕೆ ನೀನು ಕಾರಣವಾಗಬೇಡ’ ಅನ್ನಬೇಕೋ ‘ಫಲ ನಿನಗೆ ಕಾರಣವಾಗದಿರಲಿ’ ಅನ್ನಬೇಕೋ? ವಿಭಕ್ತಿ ಹಚ್ಚದೆ ಕನ್ನಡ ವಾಕ್ಯ ನಿಲ್ಲುವುದಿಲ್ಲ. ನಾನು ಎರಡನೆಯದನ್ನು ಬರೆದಿದ್ದೇನೆ, ಮೊದಲನೆಯದನ್ನು ಅದರ ಕೆಳಗೇ ಹೊಡೆದುಹಾಕದೆ ಬಿಟ್ಟಿದ್ದೇನೆ.