ಗರ್ಭಿಣಿಯ ಲೋಟದಲ್ಲಿ ಏನಿರಬೇಕು, ಏನು ಬೇಡ

ಸಂಘದ ಅಧ್ಯಕ್ಷರೇ, ಕಾರ್ಯದರ್ಶಿಯವರೇ ಮತ್ತು ನೆರೆದಿರುವ ಎಲ್ಲ ಸದಸ್ಯೆಯರೇ,

ಉಳಿತಾಯದ ಲೆಕ್ಕ ಮುಗಿಸಿ ದಣಿದಿರುವ ಹೊತ್ತಿನಲ್ಲಿ ನನಗೆ ಅರ್ಧ ಗಂಟೆ ಬಿಟ್ಟುಕೊಟ್ಟಿದ್ದೀರಿ, ಅದಕ್ಕಾಗಿ ವಂದನೆಗಳು. ನಿಮ್ಮಲ್ಲಿ ಮೂವರು ಈಗ ಗರ್ಭಿಣಿಯರು ಎಂದು ಕಾರ್ಯದರ್ಶಿಯವರು ಮೊದಲೇ ತಿಳಿಸಿದ್ದರು. ಸಂಘವು ಗಿಡಮೂಲಿಕೆ ಚಹಾದ ಪುಡಿಯನ್ನೂ ಹಣ್ಣಿನ ರಸವನ್ನೂ ತಯಾರಿಸಿ ಮಾರುವ ಯೋಚನೆಯಲ್ಲಿದೆ ಎಂಬುದನ್ನೂ ಹೇಳಿದ್ದರು. ಹಾಗಾಗಿ ಈ ಮಾತು ಕುಡಿಯುವವರಿಗೂ ಸಲ್ಲುತ್ತದೆ, ತಯಾರಿಸಿ ಕೊಡುವವರಿಗೂ ಸಲ್ಲುತ್ತದೆ. ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿ ಕೆಲಸ ಮಾಡಿದ ಇಷ್ಟು ವರ್ಷಗಳಲ್ಲಿ ನಾನು ಅತಿ ಹೆಚ್ಚು ಕೇಳಿರುವ ಮಾತು "ಇದು ಬರೀ ಸೊಪ್ಪು ಸಿಸ್ಟರ್, ಔಷಧಿಯೇನಲ್ಲ" ಎಂಬುದು. ಇಂದು ಆ ಮಾತನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ನೀರಿನ ವಿಚಾರ. ಗರ್ಭಿಣಿಯ ದೇಹದಲ್ಲಿ ರಕ್ತದ ಪ್ರಮಾಣ ಹೆಚ್ಚುತ್ತದೆ, ಮಗುವಿನ ಸುತ್ತಲಿನ ನೆತ್ತಿನೀರು ತುಂಬಬೇಕಾಗುತ್ತದೆ, ಮೂತ್ರಕೋಶದ ಸೋಂಕಿನ ಸಾಧ್ಯತೆಯೂ ಏರುತ್ತದೆ. ಇವೆಲ್ಲಕ್ಕೂ ದಿನಕ್ಕೆ ಸುಮಾರು ಎಂಟರಿಂದ ಹನ್ನೆರಡು ಲೋಟದಷ್ಟು ದ್ರವ ಬೇಕು. ಸೆಕೆಯಲ್ಲಿ ದುಡಿಯುವವರಿಗೆ ಇನ್ನೂ ಹೆಚ್ಚು ಬೇಕಾಗುತ್ತದೆ. ಲೋಟ ಎಣಿಸುತ್ತಾ ಕೂರುವ ವ್ಯವಧಾನ ಯಾರಿಗಿದೆ? ಮೂತ್ರದ ಬಣ್ಣ ನೋಡಿಕೊಳ್ಳಿ: ತಿಳಿಹಳದಿಯಾಗಿದ್ದರೆ ಸಾಕಷ್ಟು ಕುಡಿಯುತ್ತಿದ್ದೀರಿ, ಗಾಢವಾಗಿದ್ದರೆ ಸಾಲುತ್ತಿಲ್ಲ. ನೀರಿನ ಶುದ್ಧತೆಯ ಬಗ್ಗೆ ಖಾತ್ರಿಯಿಲ್ಲದಿದ್ದರೆ ಅದು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಪೂರ್ತಿ ಕುದಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿಟ್ಟು ಆರಿಸಿ. ಬಹಳ ಎತ್ತರದ ಬೆಟ್ಟಪ್ರದೇಶದಲ್ಲಿ ನೀರು ಕಡಿಮೆ ಶಾಖಕ್ಕೇ ಕುದಿಯುವುದರಿಂದ ಮೂರು ನಿಮಿಷ ಕುದಿಸಬೇಕು. ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಕಲುಷಿತ ನೀರಿನಿಂದ ಹರಡುವ ಕಾಮಾಲೆಗಳಲ್ಲಿ ಹೆಪಟೈಟಿಸ್ ಇ ಎಂಬುದೊಂದಿದೆ. ಬೇರೆಯವರಲ್ಲಿ ಸಾಮಾನ್ಯವಾಗಿ ತಾನಾಗಿಯೇ ವಾಸಿಯಾಗುವ ಈ ಕಾಯಿಲೆ, ಗರ್ಭದ ಕೊನೆಯ ಮೂರು ತಿಂಗಳಲ್ಲಿ ಬಂದರೆ ತಾಯಿಯ ಪ್ರಾಣಕ್ಕೇ ಎರವಾಗಬಲ್ಲದು. ಐಸ್ ಕೂಡ ನೀರೇ ಎಂಬುದನ್ನು ಹೊರಗೆ ಕುಡಿಯುವಾಗ ಮರೆಯಬಾರದು, ಏಕೆಂದರೆ ಹೆಪ್ಪುಗಟ್ಟಿದ ಮಾತ್ರಕ್ಕೆ ರೋಗಾಣುಗಳು ಸಾಯುವುದಿಲ್ಲ.

ಹಾಲು ಒಳ್ಳೆಯದು, ಆದರೆ ಕಾಯಿಸಿದ ಅಥವಾ ಪಾಶ್ಚರೀಕರಿಸಿದ ಹಾಲು ಮಾತ್ರ. ಮದ್ಯ ಒಂದು ಗುಟುಕೂ ಬೇಡ. ಗರ್ಭಿಣಿಗೆ ಇಷ್ಟು ಕುಡಿದರೆ ಅಪಾಯವಿಲ್ಲ ಎಂದು ಹೇಳಬಹುದಾದ ಅಳತೆಯೇ ಅದಕ್ಕಿಲ್ಲ. ಈ ಎರಡರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದೇನಿಲ್ಲ.

ಕಾಫಿ, ಚಹಾದ ವಿಷಯದಲ್ಲಿ ಮಾತ್ರ ಲೆಕ್ಕ ಬೇಕಾಗುತ್ತದೆ. ಹಲವು ದೇಶಗಳ ವೈದ್ಯಕೀಯ ಸಂಸ್ಥೆಗಳು ಗರ್ಭಿಣಿಯರಿಗೆ ದಿನಕ್ಕೆ 200 ಮಿಲಿಗ್ರಾಂ ಕೆಫೀನ್‌ನ ಮಿತಿ ಹಾಕಿವೆ. ವಿಶ್ವ ಆರೋಗ್ಯ ಸಂಸ್ಥೆಯು 2016ರ ತನ್ನ ಮಾರ್ಗಸೂಚಿಯಲ್ಲಿ, 300 ಮಿಲಿಗ್ರಾಂಗಿಂತ ಹೆಚ್ಚು ಸೇವಿಸುವವರು ಅದನ್ನು ತಗ್ಗಿಸಬೇಕೆಂದು ಹೇಳಿದೆ. ನಾನು ಕಡಿಮೆಯ ಮಿತಿಯನ್ನೇ ಹೇಳುತ್ತೇನೆ. ಒಂದು ದೊಡ್ಡ ಮಗ್ ಇನ್‌ಸ್ಟಂಟ್ ಕಾಫಿಯಲ್ಲಿ ಸುಮಾರು 100, ಫಿಲ್ಟರ್ ಕಾಫಿಯಲ್ಲಿ ಸುಮಾರು 140, ಚಹಾದಲ್ಲಿ ಸುಮಾರು 75 ಮಿಲಿಗ್ರಾಂ ಕೆಫೀನ್ ಇರುತ್ತದೆ. ಗ್ರೀನ್ ಟೀ ಕೂಡ ಅದೇ ಚಹಾ ಗಿಡದ ಎಲೆ, ಅದರಲ್ಲಿಯೂ ಕೆಫೀನ್ ಉಂಟು. ಕೋಲಾದಲ್ಲೂ ಎನರ್ಜಿ ಡ್ರಿಂಕ್‌ನಲ್ಲೂ ಇದೆ, ಎರಡನೆಯದನ್ನು ಗರ್ಭಿಣಿಯರು ಮುಟ್ಟದಿರುವುದೇ ಲೇಸು.

ಈಗ ಈ ಅಳತೆಯ ಜಗ್ಗನ್ನು ನೋಡಿ. ಸಭೆ ಆರಂಭವಾಗುವ ಮೊದಲು, ನಿಮ್ಮಲ್ಲೊಬ್ಬರು ದಿನವೂ ಕುಡಿಯುವ ಲೋಟಕ್ಕೆ ನೀರು ತುಂಬಿಸಿ ಇದಕ್ಕೆ ಸುರಿದೆವು. ನೀರು ನಿಂತಿರುವ ಗೆರೆ 320 ಮಿಲಿಲೀಟರ್. ಪಕ್ಕದವರ ಲೋಟ ಇದರ ಅರ್ಧವೂ ಆಗಲಿಲ್ಲ. ಇಬ್ಬರೂ ಚೀಟಿಯಲ್ಲಿ ಬರೆದದ್ದು ಒಂದೇ: "ದಿನಕ್ಕೆ ಮೂರು ಲೋಟ". ಮನೆಗೆ ಹೋದ ಮೇಲೆ ನಿಮ್ಮ ನಿಮ್ಮ ಲೋಟವನ್ನು ಹೀಗೆಯೇ ಒಮ್ಮೆ ಅಳೆದು ನೋಡಿ. ಗರ್ಭಿಣಿಯ ದೇಹ ಕೆಫೀನನ್ನು ಬಹಳ ನಿಧಾನವಾಗಿ ಕರಗಿಸುತ್ತದೆ. ಉಳಿದವರಲ್ಲಿ ಸುಮಾರು 5 ಗಂಟೆಗಳಲ್ಲಿ ಅರ್ಧಕ್ಕಿಳಿಯುವ ಕೆಫೀನ್, ಕೊನೆಯ ತಿಂಗಳುಗಳಲ್ಲಿ ಅರ್ಧಕ್ಕಿಳಿಯಲು 15 ಗಂಟೆಯವರೆಗೂ ತೆಗೆದುಕೊಳ್ಳಬಲ್ಲದು. ಅದು ಮಾಸು ದಾಟಿ ಮಗುವಿಗೂ ತಲುಪುತ್ತದೆ, ಅದನ್ನು ಕರಗಿಸುವ ಶಕ್ತಿ ಮಗುವಿಗೆ ಇನ್ನೂ ಬಂದಿರುವುದಿಲ್ಲ. ಇನ್ನೊಂದು ಮಾತು: ಕಬ್ಬಿಣದ ಮಾತ್ರೆಯನ್ನು ಚಹಾ, ಕಾಫಿ ಅಥವಾ ಹಾಲಿನ ಜೊತೆ ನುಂಗಬೇಡಿ. ಅವು ಕಬ್ಬಿಣದ ಅಂಶ ರಕ್ತಕ್ಕೆ ಸೇರುವುದನ್ನು ತಡೆಯುತ್ತವೆ. ಮಾತ್ರೆಗೆ ನೀರು ಸಾಕು, ಚಹಾ ಕುಡಿಯಲು ಒಂದೆರಡು ಗಂಟೆ ಕಾಯಿರಿ.

ಇನ್ನು ಗಿಡಮೂಲಿಕೆ ಚಹಾಗಳು. ನನ್ನ ಬಳಿ ಬಂದ ಗರ್ಭಿಣಿಯೊಬ್ಬರಿಗೆ ಏಳನೆಯ ತಿಂಗಳಲ್ಲಿ ರಕ್ತದೊತ್ತಡ ಏರತೊಡಗಿತ್ತು. ಏನೇನು ಔಷಧಿ ತೆಗೆದುಕೊಳ್ಳುತ್ತೀರಿ ಎಂದಾಗ ಆಕೆ ಕಬ್ಬಿಣ, ಕ್ಯಾಲ್ಸಿಯಂ ಎಂದಷ್ಟೇ ಹೇಳಿದರು. ಏನೇನು ಕುಡಿಯುತ್ತೀರಿ ಎಂದು ಬೇರೆಯಾಗಿ ಕೇಳಿದ ಮೇಲೆ, ಗಂಟಲು ಕೆರೆತಕ್ಕೆಂದು ಎರಡು ತಿಂಗಳಿಂದ ದಿನಕ್ಕೆ ಮೂರು ಬಾರಿ ಜ್ಯೇಷ್ಠಮಧುವಿನ ಕಷಾಯ ಕುಡಿಯುತ್ತಿರುವುದು ಹೊರಬಂತು. ಒತ್ತಡ ಏರಲು ಅದೊಂದೇ ಕಾರಣ ಎಂದು ನಾನು ಹೇಳಲಾರೆ. ಆದರೆ ಜ್ಯೇಷ್ಠಮಧುವಿನಲ್ಲಿರುವ ಗ್ಲಿಸಿರೈಜಿನ್ ಎಂಬ ವಸ್ತು ರಕ್ತದೊತ್ತಡವನ್ನು ಏರಿಸಬಲ್ಲದು, ಪೊಟ್ಯಾಸಿಯಂ ಅನ್ನು ಇಳಿಸಬಲ್ಲದು. ಅಷ್ಟೇ ಅಲ್ಲದೆ, ತಾಯಿಯ ದೇಹದ ಕಾರ್ಟಿಸಾಲ್ ಹಾರ್ಮೋನು ಮಗುವಿಗೆ ಅತಿಯಾಗಿ ಹರಿಯದಂತೆ ಮಾಸಿನಲ್ಲಿ ಕಾವಲು ಕಾಯುವ ಕಿಣ್ವವನ್ನು ಅದು ತಡೆಯುತ್ತದೆ. ಅತಿಮಧುರ ಎಂದು ಕರೆಯುವುದೂ ಇದನ್ನೇ, ಹೆಸರು ಬದಲಾದರೆ ಬೇರು ಬದಲಾಗುವುದಿಲ್ಲ. ಗರ್ಭಿಣಿಯರು ಇದನ್ನು ಬಿಡಬೇಕು.

ಬಿಡಬೇಕಾದ ಇನ್ನೂ ಕೆಲವಿವೆ. ಪೆನ್ನಿರಾಯಲ್ ಎಂಬುದು ಪುದೀನದ ನೆಂಟನೇ, ವಾಸನೆಯೂ ಹಾಗೆಯೇ, ಆದರೆ ಅದರ ಎಣ್ಣೆಯ ಅಂಶ ಯಕೃತ್ತಿಗೆ ವಿಷ. ಕಾಮ್ಫ್ರೆ ಎಲೆಯೂ ಯಕೃತ್ತನ್ನು ಕೆಡಿಸುತ್ತದೆ. ಹೆರಿಗೆ ಬೇಗ ಆಗಲೆಂದು ಕೆಲವೆಡೆ ಕೊಡುವ ಬ್ಲೂ ಕೋಹೋಶ್ ಸೇವಿಸಿದ ತಾಯಂದಿರ ನವಜಾತ ಶಿಶುಗಳಲ್ಲಿ ಹೃದಯದ ತೊಂದರೆ ಕಂಡ ವರದಿಗಳಿವೆ. ಸೇಜ್ ಎಲೆಯನ್ನು ಅಡುಗೆಗೆ ಚಿಟಿಕೆಯಷ್ಟು ಹಾಕುವುದು ಬೇರೆ, ಲೋಟ ಲೋಟ ಚಹಾ ಮಾಡಿ ಕುಡಿಯುವುದು ಬೇರೆ. ದಾಸವಾಳದ ಜಾತಿಯ ಕೆಂಪು ಹೂವಿನ ಚಹಾ ಮತ್ತು ಲೋಳೆಸರದ ರಸ ಈ ಒಂಬತ್ತು ತಿಂಗಳು ಬೇಡ. "ತೂಕ ಇಳಿಸುವ", "ಹೊಟ್ಟೆ ಶುದ್ಧಿ ಮಾಡುವ" ಚಹಾ ಎಂದು ಬರುವ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ಸೋನಾಮುಖಿ ಇರುತ್ತದೆ, ಅದು ಭೇದಿ ಮಾಡಿಸುವ ಎಲೆ. ಮಲಬದ್ಧತೆ ಇದ್ದರೆ ವೈದ್ಯರನ್ನು ಕೇಳಿ, ಪೊಟ್ಟಣವನ್ನು ನಂಬಿ ಕೂರಬೇಡಿ. ರಾಸ್ಪ್‌ಬೆರಿ ಎಲೆಯ ಚಹಾವನ್ನು ಕೊನೆಯ ವಾರಗಳಲ್ಲಿ ಕುಡಿಯುವ ರೂಢಿ ಕೆಲವರಲ್ಲಿದೆ, ಆರಂಭದ ತಿಂಗಳುಗಳಲ್ಲಂತೂ ಅದು ಸಲ್ಲದು.

ಹಾಗಾದರೆ ಏನನ್ನೂ ಕುಡಿಯಬಾರದೇ ಎಂದು ಮುಖ ಸಪ್ಪೆ ಮಾಡಿಕೊಳ್ಳಬೇಡಿ. ಬೆಳಗಿನ ವಾಕರಿಕೆಗೆ ಶುಂಠಿ ಉಪಯೋಗಕ್ಕೆ ಬರುತ್ತದೆ. ಒಂದೆರಡು ತೆಳು ಹೋಳು ಹಾಕಿದ ಬಿಸಿನೀರು ಸಾಕು, ಪುಡಿಯಾದರೆ ದಿನಕ್ಕೆ ಒಂದು ಗ್ರಾಂ ಮೀರದಿರಲಿ. ರಕ್ತ ತೆಳುಮಾಡುವ ಔಷಧಿ ತೆಗೆದುಕೊಳ್ಳುತ್ತಿರುವವರು ಮಾತ್ರ ಮೊದಲು ವೈದ್ಯರನ್ನು ಕೇಳಬೇಕು. ಪುದೀನದ ತೆಳು ಚಹಾ, ನಿಂಬೆಯ ತುಂಡು ಹಾಕಿದ ಬಿಸಿನೀರು ಆಗಬಹುದು. ಸೋಂಪು, ಮೆಂತ್ಯಗಳು ಅಡುಗೆಯಲ್ಲಿ ಬೀಳುವಷ್ಟು ಇದ್ದರೆ ಚಿಂತೆಯಿಲ್ಲ, ಮುಷ್ಟಿಗಟ್ಟಲೆ ಕುದಿಸಿ ಕಷಾಯ ಮಾಡುವುದು ಬೇಡ. ಸುರಕ್ಷಿತವಾದ ಚಹಾಗಳನ್ನೂ ಒಂದೇ ಬಗೆಯದನ್ನು ದಿನವಿಡೀ ಕುಡಿಯದೆ, ಒಟ್ಟು ನಾಲ್ಕು ಕಪ್ಪಿನೊಳಗೆ ನಿಲ್ಲಿಸಿ.

ಕೊನೆಯದಾಗಿ ಹಣ್ಣಿನ ರಸ. ಪಾಶ್ಚರೀಕರಣವೆಂದರೆ ರಸವನ್ನೋ ಹಾಲನ್ನೋ ನಿಗದಿತ ಶಾಖದಲ್ಲಿ ನಿಗದಿತ ಹೊತ್ತು ಇಟ್ಟು ರೋಗಾಣುಗಳನ್ನು ಕೊಲ್ಲುವುದು. ಹಾಲಿಗೆ 72 ಡಿಗ್ರಿಯಲ್ಲಿ 15 ಸೆಕೆಂಡು ಸಾಕಾಗುತ್ತದೆ. ಹಾಗೆ ಮಾಡದ ರಸದಲ್ಲಿ ಹಣ್ಣಿನ ಸಿಪ್ಪೆಯ ಮೇಲಿದ್ದದ್ದೆಲ್ಲ ಲೋಟಕ್ಕೆ ಇಳಿದಿರಬಹುದು, ಏಕೆಂದರೆ ತೊಳೆಯದ ಹಣ್ಣನ್ನು ಕೊಯ್ಯುವ ಚಾಕು ಹೊರಗಿನ ಕೊಳೆಯನ್ನು ತಿರುಳಿಗೆ ಎಳೆದುಕೊಂಡೇ ಹೋಗುತ್ತದೆ. ರಸ ಹುಳಿಯಾಗಿರುವುದರಿಂದ ರೋಗಾಣು ಉಳಿಯುವುದಿಲ್ಲ ಎಂದು ಹಿಂದೆ ಬಹಳ ಮಂದಿ ನಂಬಿದ್ದರು. ಅಮೆರಿಕದಲ್ಲಿ 1996ರಲ್ಲಿ ಪಾಶ್ಚರೀಕರಿಸದ ಸೇಬಿನ ರಸದಿಂದ ಇ. ಕೋಲಿ ಹರಡಿ, ಹಲವರು ಕಾಯಿಲೆ ಬಿದ್ದು ಒಂದು ಮಗು ತೀರಿಕೊಂಡ ಮೇಲೆ ಆ ನಂಬಿಕೆ ಉಳಿಯಲಿಲ್ಲ. ಅಲ್ಲಿ ಅಂಥ ರಸದ ಬಾಟಲಿಗಳ ಮೇಲೆ ಎಚ್ಚರಿಕೆಯ ಬರಹ ಕಡ್ಡಾಯವಾದದ್ದು ಇದರ ನಂತರವೇ.

ಗರ್ಭಿಣಿಯರ ಮಟ್ಟಿಗೆ ಲಿಸ್ಟೀರಿಯಾ ಎಂಬ ಇನ್ನೊಂದು ರೋಗಾಣುವಿನ ಭಯ ಹೆಚ್ಚು. ಫ್ರಿಜ್ಜಿನ ತಂಪಿನಲ್ಲೂ ಅದು ನಿಧಾನವಾಗಿ ಬೆಳೆಯುತ್ತದೆ. ಇತರ ಆರೋಗ್ಯವಂತರಿಗಿಂತ ಗರ್ಭಿಣಿಯರಿಗೆ ಅದು ತಗಲುವ ಸಂಭವ ಸುಮಾರು ಹತ್ತು ಪಟ್ಟು ಅಧಿಕ. ತಾಯಿಗೆ ಸಣ್ಣ ಜ್ವರ, ಮೈಕೈ ನೋವು ಬಂದು ಹೋದಂತೆ ಕಾಣುತ್ತದೆ, ಆದರೆ ಗರ್ಭಪಾತವೋ ಮಗುವಿನ ಸಾವೋ ಸಂಭವಿಸಬಹುದು. ಕುಡಿದು ಹಲವು ವಾರಗಳಾದ ಮೇಲೂ ಲಕ್ಷಣ ಕಾಣಿಸಿಕೊಳ್ಳುವುದುಂಟು. ಆದ್ದರಿಂದ ಗರ್ಭಿಣಿಗೆ ಜ್ವರ ಬಂದರೆ ಅಥವಾ ಮಗುವಿನ ಚಲನೆ ಕಡಿಮೆಯಾದರೆ ಅಂದೇ ಆಸ್ಪತ್ರೆಗೆ ಹೋಗಿ, ಹಸಿ ಹಾಲನ್ನೋ ಪಾಶ್ಚರೀಕರಿಸದ ರಸವನ್ನೋ ಕುಡಿದಿದ್ದರೆ ಅದನ್ನು ಬಾಯಿಬಿಟ್ಟು ಹೇಳಬೇಕು.

ಹೊರಗೆ ಗಾಜಿನ ಲೋಟದಲ್ಲಿ ಹಿಂಡಿಕೊಡುವ ರಸವನ್ನು ಗರ್ಭಿಣಿಯರು ಬಿಡಿ. ಬಾಟಲಿ ಕೊಂಡರೆ "ಪಾಶ್ಚರೀಕರಿಸಿದ" ಎಂಬ ಪದವನ್ನು ಹುಡುಕಿ. "ಕೋಲ್ಡ್ ಪ್ರೆಸ್ಡ್" ಎಂದರೆ ಶಾಖವಿಲ್ಲದೆ ಹಿಂಡಿದ್ದು ಎಂದಷ್ಟೇ ಅರ್ಥ, ರೋಗಾಣು ಕೊಂದಿದ್ದಾರೆ ಎಂದಲ್ಲ. ಅನುಮಾನವಿದ್ದರೆ ರಸವನ್ನು ಒಂದು ನಿಮಿಷ ಚೆನ್ನಾಗಿ ಕುದಿಸಿ, ರುಚಿ ಸ್ವಲ್ಪ ಕೆಡುತ್ತದೆ, ಸಹಿಸಿಕೊಳ್ಳಿ. ಮನೆಯಲ್ಲಿ ಮಾಡುವುದಾದರೆ ಸಿಪ್ಪೆ ಸುಲಿಯುವ ಹಣ್ಣನ್ನೂ ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ, ಮೆತ್ತಗಾದ ಭಾಗವನ್ನು ಕೊಯ್ದು ಎಸೆಯಿರಿ, ಹಿಂಡಿದ ಕೂಡಲೇ ಕುಡಿಯಿರಿ. ಈ ಮಿಕ್ಸರ್ ಜಾರಿನ ತಳ ನೋಡಿ, ನನ್ನ ಮನೆಯದೇ. ಬ್ಲೇಡಿನ ಕೆಳಗಿನ ರಬ್ಬರ್ ಉಂಗುರವನ್ನು ಪಿನ್ನಿನಿಂದ ಎಬ್ಬಿಸಿದರೆ ಒಳಗೊಂದು ಕಪ್ಪು ಗೆರೆ ಕಾಣುತ್ತದೆ. ನಿನ್ನೆ ರಾತ್ರಿ ತೊಳೆದೇ ಇಟ್ಟಿದ್ದೆ! ಶುದ್ಧವಾಗಿ ಮಾಡಿದ ರಸವನ್ನೂ ದಿನಕ್ಕೆ ಒಂದು ಸಣ್ಣ ಲೋಟ, ಅಂದರೆ 150 ಮಿಲಿಲೀಟರಿಗೆ ನಿಲ್ಲಿಸಿ. ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ ಇರುವವರಿಗೆ ರಸಕ್ಕಿಂತ ಇಡೀ ಹಣ್ಣೇ ಮೇಲು.

ಸಂಘದ ಮಾರಾಟದ ಬಗ್ಗೆ ಎರಡೇ ಕೋರಿಕೆ. ಚಹಾ ಪುಡಿಯ ಪೊಟ್ಟಣದ ಮೇಲೆ "ಗಿಡಮೂಲಿಕೆಗಳ ಮಿಶ್ರಣ" ಎಂದು ಬರೆದು ಮುಗಿಸಬೇಡಿ, ಒಳಗಿರುವ ಪ್ರತಿಯೊಂದು ಗಿಡದ ಹೆಸರನ್ನೂ ಬರೆಯಿರಿ. ಅದರ ಕೆಳಗೆ "ಗರ್ಭಿಣಿಯರು ವೈದ್ಯರನ್ನು ಕೇಳದೆ ಬಳಸಬಾರದು" ಎಂಬ ಸಾಲು ದಪ್ಪ ಅಕ್ಷರದಲ್ಲಿರಲಿ. ರಸದ ಬಾಟಲಿಗಳನ್ನಂತೂ ಪಾಶ್ಚರೀಕರಣದ ಏರ್ಪಾಡು ಆಗುವವರೆಗೆ ಮಾರಾಟಕ್ಕೆ ಇಡಬೇಡಿ. ಈಗ ನೀವು ಮನೆಯಿಂದ ತಂದಿರುವ ಪೊಟ್ಟಣಗಳನ್ನು ಈ ಮೇಜಿನ ಮೇಲಿಡಿ, ಒಂದೊಂದಾಗಿ ಹೆಸರು ಓದೋಣ.