ಬಾಗಲಕೋಟೆಯ ಮನೆಯಡುಗೆ ಪುಸ್ತಕ: ಕೆಲಸ ಹಂಚಿಕೆಯ ಟಿಪ್ಪಣಿ

ಕಾಕು, ವೈನಿ, ಫೋಟೊ ತೆಗೆಯುವ ತಮ್ಮ: ಮೂವರೂ ಓದಿ.

ಪುಸ್ತಕದಲ್ಲಿ 40 ಅಡುಗೆಗಳಿರುತ್ತವೆ. ರೊಟ್ಟಿ, ಪಲ್ಯ, ಚಟ್ನಿಪುಡಿ, ಹಬ್ಬದ ಸಿಹಿ. ಗೋಕಾಕದ ಕರದಂಟು, ಬೆಳಗಾವಿಯ ಕುಂದಾ ಬೇಡ. ಅವನ್ನು ನಾವೂ ಅಂಗಡಿಯಿಂದಲೇ ತರುತ್ತೇವೆ.

ಅಳತೆ: ಕಾಕುವಿನ ಒಂದು ಹಿಡಿ ಶೇಂಗಾ ಪುಡಿ ವೈನಿಯ ಕೈಯಲ್ಲಿ ಒಂದೂವರೆ ಹಿಡಿಯಾಗುತ್ತದೆ. ಹಾಗಾಗಿ ಹಿಡಿ, ವಾಟಿ, ಚಿಟಿಕೆ ಯಾವುದೂ ಪುಸ್ತಕದಲ್ಲಿ ಬರಕೂಡದು. ಕಪ್ ಎಂದರೆ 240 ಮಿ.ಲೀ., ದೊಡ್ಡ ಚಮಚ 15, ಸಣ್ಣ ಚಮಚ 5. ಎಲ್ಲವೂ ಅಂಚಿನ ಮಟ್ಟಕ್ಕೆ ಸವರಿದ್ದು. ಬೆಲ್ಲ ಮತ್ತು ತರಕಾರಿ ಮಾತ್ರ ಗ್ರಾಂ ಲೆಕ್ಕದಲ್ಲಿ. ಹೆರೆದ ಬೆಲ್ಲವೂ ಕುಟ್ಟಿದ ಬೆಲ್ಲವೂ ಒಂದೇ ಕಪ್ಪಿನಲ್ಲಿ ಒಂದೇ ತೂಕ ಬರುವುದಿಲ್ಲ. ‘ರುಚಿಗೆ ತಕ್ಕಷ್ಟು ಉಪ್ಪು’ ಎಂದು ಬರೆದು ಕಳುಹಿಸಿದರೆ ಹಿಂದಿರುಗಿಸುತ್ತೇನೆ.

ಪರೀಕ್ಷೆ: ಬರೆದವರು ಮಾಡಬಾರದು. ಕಾಕು ಬರೆದದ್ದನ್ನು ವೈನಿ ಮಾಡಲಿ, ವೈನಿಯದನ್ನು ಕಾಕು. ನಡುವೆ ಫೋನ್ ಮಾಡಿ ಕೇಳುವಂತಿಲ್ಲ. ಕೇಳಬೇಕೆನಿಸಿದ ಕಡೆಯಲ್ಲೇ ಬರಹ ಸೋತಿದೆ ಎಂದು ಗುರುತು ಹಾಕಿ. ಜೋಳದ ರೊಟ್ಟಿಗೆ ಇದು ಹೆಚ್ಚು ಬೇಕು. ಗೋದಿಯಲ್ಲಿರುವ ಅಂಟು ಜೋಳದಲ್ಲಿ ಇಲ್ಲ, ಕುದಿಯುವ ನೀರು ಹಾಕಿದರೆ ಮಾತ್ರ ಹಿಟ್ಟಿಗೆ ಜಿಗಿ ಬರುತ್ತದೆ. ಒಂದು ಕಪ್ ಹಿಟ್ಟಿಗೆ ಮುಕ್ಕಾಲು ಕಪ್ ನೀರಿನಿಂದ ಶುರು ಮಾಡಿ, ಮೇಲೆ ಹಾಕಿದ್ದನ್ನೂ ಚಮಚದಲ್ಲಿ ಎಣಿಸಿ ಬರೆಯಿರಿ. ಹಿಟ್ಟು ಬೀಸಿಸಿ ಎಷ್ಟು ದಿನವಾಯಿತೆಂಬುದೂ ಇರಲಿ; ಹಳತಾದಷ್ಟೂ ರೊಟ್ಟಿ ಬಡಿಯುವಾಗ ಅಂಚು ಒಡೆಯುತ್ತದೆ.

ಫೋಟೊ: ಪ್ರತಿ ಅಡುಗೆಗೆ ಬಡಿಸಿದ ತಟ್ಟೆಯದೊಂದು ಸಾಕು. ಹೆಚ್ಚು ಬೇಕಾಗುವುದು ಮೂರಕ್ಕೆ: ರೊಟ್ಟಿ ಬಡಿಯುವ ಅಂಗೈ, ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರುವ ಬಟ್ಟೆ, ಎಣ್ಣೆಗಾಯಿಯ ಬದನೆಯನ್ನು ತೊಟ್ಟು ಬಿಡದಂತೆ ನಾಲ್ಕಾಗಿ ಸೀಳುವ ಬಗೆ. ಇವನ್ನು ಮಾಡುವವರ ಭುಜದ ಮೇಲಿಂದ ತೆಗೆ ತಮ್ಮಾ, ಎದುರಿನಿಂದ ತೆಗೆದರೆ ಓದುವವರಿಗೆ ಎಡಬಲ ತಿರುವುಮುರುವಾಗುತ್ತದೆ. ಕಿಟಕಿಯ ಬೆಳಕಿರಲಿ, ಫ್ಲ್ಯಾಶ್ ಬೇಡ. ಗುರೆಳ್ಳು ಚಟ್ನಿ ಮೊದಲೇ ಕಪ್ಪು, ಫ್ಲ್ಯಾಶಿಗೆ ಎಣ್ಣೆ ಮಾತ್ರ ಮಿನುಗುತ್ತದೆ. ಮುದ್ರಣದ ಅಳತೆಯಲ್ಲಿ 300 ಡಿಪಿಐ ಇರಬೇಕು, ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ್ದು ಆಗದು. ಚರಗದ ಬುತ್ತಿಯ ಚಿತ್ರವನ್ನು ಎಳ್ಳು ಅಮಾವಾಸ್ಯೆಯಂದು ಹೊಲದಲ್ಲೇ ತೆಗೆಯೋಣ.

ಪುಟ: ಒಂದು ಅಡುಗೆ, ಎದುರುಬದುರು ಎರಡು ಪುಟ. ಹಿಟ್ಟಿನ ಕೈಯಲ್ಲಿ ಯಾರೂ ಹಾಳೆ ತಿರುವಬಾರದು. ಎಡಕ್ಕೆ ಫೋಟೊ, ಅದರ ಕೆಳಗೆ ಎಷ್ಟು ಜನಕ್ಕೆ, ಎಷ್ಟು ಹೊತ್ತು, ಹಿಂದಿನ ದಿನ ನೆನೆಹಾಕುವುದಿದೆಯೇ ಎಂಬ ಒಂದು ಸಾಲು. ಬಲಕ್ಕೆ ಸಾಮಾನು, ಬಳಸುವ ಕ್ರಮದಲ್ಲೇ. ನಂತರ ಅಂಕಿ ಹಾಕಿದ ಹಂತಗಳು, ಎಂಟಕ್ಕೆ ಮೀರದಂತೆ. ಮಾದಲಿಗೆ ಎಂಟು ಸಾಲದು ಎಂದು ಕಾಕು ಆಗಲೇ ತಕರಾರು ತೆಗೆದಿದ್ದಾರೆ, ಅದಕ್ಕೊಂದಕ್ಕೆ ವಿನಾಯಿತಿ.

ಮೊದಲ ಐದು ಅಡುಗೆ ಬರುವ ಭಾನುವಾರ ನಮ್ಮ ಮನೆಯಲ್ಲಿ. ನೀವು ದಿನವೂ ಬಳಸುವ ವಾಟಿಯನ್ನು ತನ್ನಿ, ಅದರಲ್ಲಿ ಎಷ್ಟು ಮಿ.ಲೀ. ಹಿಡಿಯುತ್ತದೆಂದು ಮೊದಲು ನೀರು ತುಂಬಿ ಅಳೆಯುತ್ತೇವೆ.